ಮಲಗಿ ಎದ್ದರೂ ಹೋಗದ ಸುಸ್ತು

"ಮೇಡಂ, ನಂಗೆ ಕಾಯಿಲೆ ಅಂತ ಏನೂ ಇಲ್ಲ. ಸುಮ್ನೆ ಬಂದೆ."

ಆಪ್ತಸಲಹೆಗೆ ಬರುವ ಎಷ್ಟೋ ಜನ ಮಾತು ಶುರು ಮಾಡುವುದು ಹೀಗೆ. ಸುಜಾತಾ ಕೂಡ ಹೀಗೇ ಶುರು ಮಾಡಿದರು. ಸುಜಾತಾ ಅನ್ನುವ ಹೆಸರು ನಾನಿಟ್ಟದ್ದು. ಯಾರ ಗುರುತೂ ಸಿಗಬಾರದು ಅಂತ ಮೂರು ನಾಲ್ಕು ಜನರ ಕತೆಯನ್ನು ಒಬ್ಬರದೇ ಕತೆಯ ಹಾಗೆ ಹೇಳುತ್ತಿದ್ದೇನೆ. ಮೂವತ್ತೆಂಟು ವರ್ಷ, ಬ್ಯಾಂಕಿನಲ್ಲಿ ಅಧಿಕಾರಿ. ಮನೆ ಮೈಸೂರಲ್ಲಿ, ಶಾಖೆ ಇರುವುದು ಬಸ್ಸಿನಲ್ಲಿ ಒಂದು ಗಂಟೆ ದೂರದ ತಾಲ್ಲೂಕಿನಲ್ಲಿ. ಹನ್ನೆರಡು ವರ್ಷದ ಸರ್ವಿಸ್. ಕೆಲಸ ಬರದವರಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ.

"ಎರಡನೇ ಶನಿವಾರ, ಭಾನುವಾರ, ಎರಡು ದಿನ ರಜೆ ಇತ್ತು. ಮಲಗಿದ್ದೇ ಮಲಗಿದ್ದು. ಸೋಮವಾರ ಬೆಳಿಗ್ಗೆ ಬಸ್ ಹತ್ತುವಾಗ ನೋಡಿದ್ರೆ ಶುಕ್ರವಾರ ಸಂಜೆ ಇದ್ದಷ್ಟೇ ಸುಸ್ತು. ಅಳು ಬಂತು."

ನಾನು ಮೊದಲು ಗಮನಿಸುವುದು ಇದನ್ನೇ. ಕೆಲಸ ಜಾಸ್ತಿ ಆದರೆ ಯಾರಿಗಾದರೂ ಸುಸ್ತಾಗುತ್ತದೆ. ಅದು ಬಸವಳಿಕೆ ಅಲ್ಲ. ಹಳ್ಳಿಯ ಬಾವಿ ನೋಡಿದವರಿಗೆ ಗೊತ್ತು, ಸಂಜೆ ಎಷ್ಟೇ ಸೇದಿದರೂ ಬೆಳಗಾಗುವಷ್ಟರಲ್ಲಿ ನೀರು ಮತ್ತೆ ಏರಿರುತ್ತದೆ. ಒರತೆ ಕೊಡುವುದಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ಸೇದಿದಾಗ ಮಾತ್ರ ಬೆಳಿಗ್ಗೆಯೂ ಕೊಡದಲ್ಲಿ ಕೆಸರು ಬರುತ್ತದೆ. ಈಗ ಎಲ್ಲರೂ ಬರ್ನ್‌ಔಟ್ ಅನ್ನುತ್ತಾರಲ್ಲ, ಅದು ಈ ಕೆಸರು ಬರುವ ಹಂತ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯನ್ನು ಹೊಸದು ಮಾಡಿದಾಗ ಇದನ್ನೂ ವಿವರಿಸಿತು. ಆದರೆ ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದ ಒತ್ತಡ ಬಹಳ ಕಾಲ ಹಾಗೇ ಉಳಿದಾಗ ಬರುವ ಸ್ಥಿತಿ ಎಂದಿತು. ನನಗೆ ಇದು ಬರೀ ಪದಗಳ ವ್ಯತ್ಯಾಸ ಅನಿಸುವುದಿಲ್ಲ. ತೊಂದರೆ ನಿಮ್ಮೊಳಗಷ್ಟೇ ಇಲ್ಲ, ಕೆಲಸ ನಡೆಯುವ ರೀತಿಯಲ್ಲೂ ಇದೆ ಎಂದು ಇದರರ್ಥ. ಹಾಗಾಗಿ ಬರೀ ನಿಮ್ಮನ್ನು ರಿಪೇರಿ ಮಾಡಿಕೊಂಡರೆ ಸಾಲದು.

ಇನ್ನೆರಡು ಗುರುತುಗಳು

ಸುಸ್ತು ಎಲ್ಲರ ಕಣ್ಣಿಗೂ ಬೀಳುತ್ತದೆ. ಇವೆರಡು ಬೀಳುವುದಿಲ್ಲ.

ಒಂದು, ಮನಸ್ಸು ಕಲ್ಲಾಗುವುದು. ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದ ಒಬ್ಬ ಪಿಂಚಣಿದಾರರಿಗೆ ಸುಜಾತಾ "ಅಜ್ಜ, ನಿನ್ನೆ ತಾನೇ ಬಂದಿದ್ರಲ್ಲ, ದಿನಾ ಬಂದ್ರೆ ದುಡ್ಡು ಮರಿ ಹಾಕುತ್ತಾ?" ಅಂದುಬಿಟ್ಟರಂತೆ. ಸಾಲಿನಲ್ಲಿದ್ದವರು ನಕ್ಕರು. ಅಜ್ಜ ಏನೂ ಹೇಳದೆ ಹೊರಟುಹೋದರು. "ಆಮೇಲೆ ಪಾಪ ಅನಿಸಬೇಕಿತ್ತಲ್ವಾ ಮೇಡಂ? ಏನೂ ಅನಿಸಲಿಲ್ಲ. ಅದೇ ಭಯ ಆಯ್ತು" ಅಂದರು. ಹಿಂದೆ ಇದೇ ಸುಜಾತಾ ಅಂಥವರಿಗೆ ಕುರ್ಚಿ ತರಿಸಿ ಕೂರಿಸುತ್ತಿದ್ದರು. ಇದಕ್ಕೆ ಕೆಟ್ಟತನ ಕಾರಣವಲ್ಲ. ಕೊಡಲು ಏನೂ ಉಳಿಯದಿದ್ದಾಗ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ನರ್ಸ್‌ಗಳಲ್ಲಿ, ಶಿಕ್ಷಕರಲ್ಲಿ, ಕಾಲ್ ಸೆಂಟರ್‌ನವರಲ್ಲಿ, ಅಂದರೆ ದಿನವಿಡೀ ಜನರ ಜೊತೆ ಏಗುವವರಲ್ಲಿ, ಸುಸ್ತಿಗಿಂತ ಮೊದಲೇ ಇದು ಕಾಣುವುದುಂಟು.

ಇನ್ನೊಂದು, ಕೈಯ ಮೇಲಿನ ನಂಬಿಕೆ ಹೋಗುವುದು. ನೂರಾರು ಸಲ ಮಾಡಿದ ಬೆಳೆ ಸಾಲದ ರಿನ್ಯೂವಲ್ ಅದು. ಮಾಡಿ ಮುಗಿಸಿ, ಬಸ್ ಸ್ಟ್ಯಾಂಡಿಗೆ ಹೋದ ಮೇಲೆ, ಸರ್ವೆ ನಂಬರ್ ಸರಿ ಹಾಕಿದೆನಾ ಅಂತ ಸಹೋದ್ಯೋಗಿಗೆ ಫೋನ್ ಮಾಡುತ್ತಿದ್ದರು. ಪ್ರತಿಯೊಂದನ್ನೂ ಮೂರು ಸಲ ನೋಡುವುದರಿಂದ ಕೆಲಸ ನಿಧಾನವಾಯಿತು. ನಿಧಾನವಾದದ್ದಕ್ಕೆ ಸಂಜೆ ಇನ್ನೂ ಒಂದು ಗಂಟೆ ಕೂರಬೇಕಾಯಿತು. ಹೆಚ್ಚು ಕೂತಷ್ಟೂ ಸುಸ್ತು, ಸುಸ್ತಾದಷ್ಟೂ ತಪ್ಪು. "ನಾನು ಇನ್ನೂ ಕಷ್ಟಪಟ್ಟು ಕೆಲಸ ಮಾಡಬೇಕು" ಅನ್ನುವ ನಿರ್ಧಾರ ಈ ಹಂತದಲ್ಲಿ ಅಪಾಯಕಾರಿ. ಒಳ್ಳೆಯ ಕೆಲಸಗಾರರು ಅದನ್ನೇ ಮಾಡುತ್ತಾರೆ.

ಉಳಿದವು ಒಬ್ಬೊಬ್ಬರಿಗೆ ಒಂದೊಂದು ಥರ. ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಹೊಟ್ಟೆ ಕಿವುಚುವುದು. ಬೆಳಿಗ್ಗೆ ಎದ್ದಾಗ ದವಡೆ ನೋಯುವುದು. ಫೋನ್ ಟಿಂಗ್ ಅಂದರೆ ಎದೆ ಧಸಕ್ಕೆನ್ನುವುದು. ಒಂದೆರಡು ವಾರ ಇದ್ದು ಹೋದರೆ ಚಿಂತೆ ಬೇಡ. ತಿಂಗಳು ದಾಟಿತು, ರಜೆ ಹಾಕಿದರೂ ಹೋಗಲಿಲ್ಲ ಅಂದರೆ ಮುಂದೆ ಓದಿ.

ಮೊದಲ ಹೆಜ್ಜೆ: ರಕ್ತ ಪರೀಕ್ಷೆ

ಆಪ್ತಸಲಹೆಗಾರರು ಹೀಗೆ ಹೇಳುತ್ತಾರಾ ಅನಿಸಬಹುದು. ಆದರೆ ಇದನ್ನು ಬಿಟ್ಟು ಮುಂದೆ ಹೋಗಬಾರದು. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ, ಬಿ12 ಕಡಿಮೆ ಇದ್ದರೆ, ಸಕ್ಕರೆ ಕಾಯಿಲೆ ಗೊತ್ತಾಗದೆ ಕೂತಿದ್ದರೆ ಇದೇ ಥರದ ಸುಸ್ತು ಬರುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ12 ಕೊರತೆ, ಹೆಂಗಸರಿಗೆ ರಕ್ತಹೀನತೆ ಸಾಮಾನ್ಯ. ಗೊರಕೆ ಜಾಸ್ತಿ ಇದ್ದು, ಎಂಟು ಗಂಟೆ ಮಲಗಿಯೂ ಹಗಲು ತೂಕಡಿಕೆ ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಿ "ಎರಡು ತಿಂಗಳಿಂದ ಸುಸ್ತು, ಏನೇನು ನೋಡಬೇಕೋ ನೋಡಿ" ಅಂದರೆ ಸಾಕು.

ಸುಜಾತಾ ಅವರ ಹಿಮೋಗ್ಲೋಬಿನ್ 9.8 ಇತ್ತು. ಹೆಂಗಸರಿಗೆ 12 ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಅದೊಂದರಿಂದಲೇ ಎಲ್ಲ ಸರಿಹೋಗಲಿಲ್ಲ. ಆದರೆ ಅದನ್ನು ಬಿಟ್ಟಿದ್ದರೆ ಮಿಕ್ಕಿದ್ದು ಯಾವುದೂ ಹತ್ತುತ್ತಿರಲಿಲ್ಲ.

ಎರಡನೇ ಹೆಜ್ಜೆ: ಹತ್ತು ದಿನದ ಚೀಟಿ

"ಎಲ್ಲಾನೂ ಸಾಕಾಗಿದೆ" ಅನ್ನುವುದು ಬಸವಳಿದವರ ಮಾತು. ಎಲ್ಲವನ್ನೂ ಬದಲಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೇ ನೀರು ಸೋರುತ್ತಿರುವುದು ಎಲ್ಲಿಂದ ಎಂದು ಹುಡುಕಬೇಕು. ಒಂದು ಸಣ್ಣ ನೋಟ್‌ಬುಕ್ ಸಾಕು. ಹತ್ತು ಕೆಲಸದ ದಿನ, ದಿನಕ್ಕೆ ಮೂರು ಸಲ, ಮಧ್ಯಾಹ್ನ ಊಟಕ್ಕೆ ಮುಂಚೆ, ಕೆಲಸ ಬಿಡುವಾಗ ಮತ್ತು ಮಲಗುವಾಗ, ಶಕ್ತಿ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಿರಿ. ಪಕ್ಕದಲ್ಲಿ ನಾಲ್ಕು ಪದ, ಏನಾಯಿತು ಅಂತ. ಅಷ್ಟೇ. ಕತೆ ಬರೆಯಲು ಹೋಗಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಮೊಬೈಲಿನಲ್ಲೂ ಬೇಡ. ಅಂಕಿ ಬರೆಯಲು ಅಂತ ಮೊಬೈಲ್ ತೆಗೆದವರು ಇನ್ನೇನೋ ನೋಡುತ್ತಾ ಕೂರುತ್ತಾರೆ.

ಸುಜಾತಾ ಅವರಿಗೆ ತಮ್ಮ ತೊಂದರೆ ಕೌಂಟರಿನ ಜನಜಂಗುಳಿ ಎಂದು ಖಾತ್ರಿಯಿತ್ತು. ಚೀಟಿ ಬೇರೆಯೇ ಹೇಳಿತು. ಜನ ತುಂಬಿದ ದಿನ ಮಧ್ಯಾಹ್ನ ಆರು ಇರುತ್ತಿತ್ತು, ಕೆಲಸ ಬಿಡುವಾಗ ನಾಲ್ಕು. ಕೆಟ್ಟದೇನೂ ಅಲ್ಲ. ಚಿನ್ನದ ಸಾಲ ಕೊಟ್ಟ ಒಂದು ದಿನ ಸಂಜೆಗೂ ಏಳಿತ್ತು. ಮಗಳ ಕಾಲೇಜು ಫೀಸು ಕಟ್ಟಲು ಬಂದಿದ್ದ ಒಬ್ಬಾಕೆಗೆ ಅರ್ಧ ಗಂಟೆಯಲ್ಲಿ ಕೆಲಸ ಆಗಿತ್ತು, ಆಕೆ ಕೈಮುಗಿದು ಹೋಗಿದ್ದರು. ಆದರೆ ಮಲಗುವಾಗಿನ ಅಂಕಿ ಹತ್ತರಲ್ಲಿ ಎಂಟು ದಿನ ಒಂದು, ಇಲ್ಲವೇ ಸೊನ್ನೆ. ಪಕ್ಕದಲ್ಲಿ ಬರೆದದ್ದು "ಗ್ರೂಪ್", "ಗ್ರೂಪ್", "ವಿಸಿ, ಇನ್ಶೂರೆನ್ಸ್", "ಗ್ರೂಪ್".

ವಿಸಿ ಅಂದರೆ ಮೇಲಧಿಕಾರಿಗಳ ವಿಡಿಯೋ ಕಾನ್ಫರೆನ್ಸ್, ಗ್ರೂಪ್ ಅಂದರೆ ಶಾಖೆಯ ವಾಟ್ಸಾಪ್ ಗ್ರೂಪ್. ಇವತ್ತು ಯಾರು ಎಷ್ಟು ಪಾಲಿಸಿ ಮಾಡಿಸಿದರು, ಯಾರದು ಸೊನ್ನೆ, ನಾಳೆ ಎಷ್ಟು ಮಾಡುತ್ತೀರಿ, ಇದೆಲ್ಲ ರಾತ್ರಿ ಹತ್ತರವರೆಗೆ ಬರುತ್ತಿತ್ತು. ಸೊನ್ನೆ ಇದ್ದವರ ಹೆಸರಿನ ಮುಂದೆ ಕೆಂಪು ಬಣ್ಣ. ಸುಜಾತಾ ಚಪಾತಿ ಲಟ್ಟಿಸುತ್ತಾ ಎಡಗೈಯಲ್ಲಿ "ನೋಟೆಡ್ ಸರ್" ಅಂತ ಟೈಪ್ ಮಾಡುತ್ತಿದ್ದರು. ಬ್ಯಾಂಕು ಐದೂವರೆಗೆ ಮುಚ್ಚಿದರೂ ಅವರ ತಲೆಯೊಳಗಿನ ಶಟರು ಹತ್ತಕ್ಕೂ ಎಳೆದಿರಲಿಲ್ಲ. ಸುಸ್ತು ನಿದ್ದೆಯಲ್ಲಿ ಮಾತ್ರ ಹೋಗುವುದಿಲ್ಲ, ನಿದ್ದೆಗೆ ಮುಂಚಿನ ಆ ಮೂರು ನಾಲ್ಕು ಗಂಟೆ ತಲೆ ಕೆಲಸದಿಂದ ಹೊರಗೆ ಬರಬೇಕು. ಬರದಿದ್ದರೆ ಎಂಟು ಗಂಟೆ ನಿದ್ದೆಯೂ ಅರೆಬರೆ.

ಮೂರನೇ ಹೆಜ್ಜೆ: ಒಂದೇ ಒಂದು ತೂತು ಮುಚ್ಚಿ

ಇಲ್ಲಿ ಜನ ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಸುಸ್ತಾಗಿದೆ ಎಂದ ಕೂಡಲೇ ಬೆಳಿಗ್ಗೆ ಐದಕ್ಕೆ ಯೋಗ ಕ್ಲಾಸು ಸೇರುತ್ತಾರೆ. ಜಿಮ್ಮಿಗೆ ಒಂದು ವರ್ಷದ ಫೀಸು ಕಟ್ಟುತ್ತಾರೆ. ಯೋಗದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕೆಸರು ಬರುತ್ತಿರುವ ಬಾವಿಗೆ ಇನ್ನೊಂದು ಕೊಡ ಇಳಿಸಿದ ಹಾಗೆ ಅದು. ಎರಡು ವಾರ ಹೋಗಿ, ಬಿಟ್ಟು, "ಇದೂ ನನ್ನಿಂದ ಆಗಲಿಲ್ಲ" ಎಂದು ಕೊರಗುತ್ತಾರೆ. ಮೊದಲು ಯಾವುದಾದರೂ ಒಂದನ್ನು ಕಡಿಮೆ ಮಾಡಿ. ಸೇರಿಸುವುದು ಆಮೇಲೆ.

ನಾವು ಸಂಜೆಯ ಗ್ರೂಪನ್ನು ಆರಿಸಿಕೊಂಡೆವು. ಸುಮ್ಮನೆ ಮ್ಯೂಟ್ ಮಾಡಿದರೆ ಆಗುತ್ತಿರಲಿಲ್ಲ. "ಅಲ್ಲಿ ಏನು ಬಂದಿದೆಯೋ" ಅನ್ನುವ ಚಿಂತೆ ಫೋನಿನ ಸದ್ದಿಗಿಂತ ಕೆಟ್ಟದ್ದು. ಹಾಗಾಗಿ ಕೆಲಸ ಮುಗಿಸುವ ಕೊನೆಯ ಹತ್ತು ನಿಮಿಷಕ್ಕೆ ಒಂದು ಕ್ರಮ ಮಾಡಿದೆವು. ಅರ್ಧಕ್ಕೆ ನಿಂತ ಕೆಲಸ ಯಾವುದು, ಎಲ್ಲಿಗೆ ನಿಂತಿದೆ ಎಂದು ಒಂದು ಹಾಳೆಯಲ್ಲಿ ಬರೆಯುವುದು. ನಾಳೆ ಮೊದಲು ಮಾಡುವ ಮೂರು ಕೆಲಸ ಅದರ ಕೆಳಗೆ. ಗ್ರೂಪಿನಲ್ಲಿ ಕೇಳುವ ಅಂಕಿಅಂಶವನ್ನು ಕೇಳುವ ಮುಂಚೆಯೇ ಕಳಿಸುವುದು. ಹಾಳೆಯನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕುವುದು. ಮುಗಿಯದ ಕೆಲಸ ತಲೆಯಲ್ಲಿ ಗುಂಯ್‌ಗುಟ್ಟುವುದು ಅದಕ್ಕೊಂದು ಜಾಗ ಇಲ್ಲದಾಗ. ಕಾಗದದ ಮೇಲೆ ಇಳಿದರೆ ಅದರ ಸದ್ದು ಕಡಿಮೆಯಾಗುತ್ತದೆ.

ಆಮೇಲೆ ಮ್ಯಾನೇಜರ್ ಜೊತೆ ಮಾತು. ಮೊದಲ ಸಲ ಅದು ಕೆಟ್ಟಿತು. "ಸರ್, ತುಂಬಾ ಒತ್ತಡ ಆಗ್ತಿದೆ" ಅಂದರು ಸುಜಾತಾ. "ಎಲ್ಲರಿಗೂ ಇದೇ ಅಲ್ವಾ ಮೇಡಂ, ನಂಗೆ ಇಲ್ವಾ?" ಅಂದರು ಅವರು. ಅಲ್ಲಿಗೆ ಮುಗಿಯಿತು. ಅವರದೂ ಸುಳ್ಳಲ್ಲ. ಅವರಿಗೆ ಮೇಲಿನಿಂದ ಅದೇ ಗ್ರೂಪು, ಅದೇ ಕೆಂಪು ಬಣ್ಣ.

ಒತ್ತಡ ಅನ್ನುವ ಪದಕ್ಕೆ ಯಾರೂ ಉತ್ತರ ಕೊಡಲು ಆಗುವುದಿಲ್ಲ. ಹೌದು ಅಥವಾ ಇಲ್ಲ ಅನ್ನಬಹುದಾದ ಒಂದು ಮಾತು ಕೇಳಬೇಕು, ಅದರಲ್ಲಿ ಅವರ ಕೆಲಸ ನಿಲ್ಲುವುದಿಲ್ಲ ಎಂದು ತೋರಿಸಬೇಕು. ಎರಡನೇ ಸಲ ಸುಜಾತಾ ಹೇಳಿದ್ದು ಇಷ್ಟು: "ಸರ್, ದಿನದ ರಿಪೋರ್ಟ್ ಐದೂವರೆಗೆ ನಾನೇ ಕಳಿಸ್ತೀನಿ. ಎಂಟು ಗಂಟೆ ಮೇಲೆ ಗ್ರೂಪ್ ನೋಡಲ್ಲ. ಅರ್ಜೆಂಟ್ ಇದ್ರೆ ಕಾಲ್ ಮಾಡಿ, ಖಂಡಿತ ಎತ್ತುತೀನಿ. ಎರಡು ವಾರ ನೋಡೋಣ, ತೊಂದರೆ ಆದ್ರೆ ಮತ್ತೆ ಮಾತಾಡೋಣ." ಅವರು ಖುಷಿಯಿಂದ ಒಪ್ಪಲಿಲ್ಲ. "ನೋಡೋಣ" ಅಂದರು. ಅಷ್ಟು ಸಾಕಿತ್ತು. ಆ ಎರಡು ವಾರದಲ್ಲಿ ಎಂಟರ ಮೇಲೆ ಬಂದ ಕಾಲ್ ಎರಡು. ಅದರಲ್ಲಿ ಒಂದು ಲಾಕರ್ ಕೀ ಎಲ್ಲಿಟ್ಟಿದ್ದೀರಿ ಅಂತ.

ಎಲ್ಲ ಮೇಲಧಿಕಾರಿಗಳೂ "ನೋಡೋಣ" ಅನ್ನುವುದಿಲ್ಲ, ಅದೂ ಗೊತ್ತು. ಕೆಲವು ಕಡೆ ಹೀಗೆ ಕೇಳಿದರೆ ಅದನ್ನೇ ನೆನಪಿಟ್ಟುಕೊಂಡು ಕಾಡುತ್ತಾರೆ. ನಿಮ್ಮದು ಅಂಥ ಜಾಗವಾದರೆ ಬಾಯಿಬಿಡುವ ಮುಂಚೆ ಅಲ್ಲಿ ನಂಬಬಹುದಾದ ಒಬ್ಬ ಹಿರಿಯರನ್ನು ವಿಚಾರಿಸಿ. ಕೇಳದೆಯೇ ಮಾಡಬಹುದಾದ ಚಿಕ್ಕದನ್ನು ಆರಿಸಿ. ಫೋನನ್ನು ಊಟದ ಹೊತ್ತು ಇನ್ನೊಂದು ಕೋಣೆಯಲ್ಲಿ ಇಡಲು ಯಾರ ಅಪ್ಪಣೆಯೂ ಬೇಡ.

ನಾಲ್ಕನೇ ಹೆಜ್ಜೆ: ಮನೆಯಲ್ಲಿ ಒಂದು ಕೆಲಸ ಪೂರ್ತಿ ಬಿಡುವುದು

ಸಂಜೆ ಎರಡು ಗಂಟೆ ಖಾಲಿಯಾಯಿತು ಎಂದುಕೊಂಡೆವು. ಮುಂದಿನ ವಾರ ಬಂದು ಸುಜಾತಾ ನಕ್ಕರು. "ಖಾಲಿ ಎಲ್ಲಿ ಮೇಡಂ? ಅತ್ತೆ ಬಟ್ಟೆ ಮಡಚಿ ಅಂದ್ರು." ಕೆಲಸಕ್ಕೆ ಹೋಗುವ ಹೆಂಗಸರಿಗೆ ಮನೆ ಸೇರಿದ ಮೇಲೆ ಇನ್ನೊಂದು ಪಾಳಿ ಶುರು.

ಅವರ ಗಂಡ ಒಳ್ಳೆಯವರೇ. "ಏನಾದ್ರೂ ಹೆಲ್ಪ್ ಬೇಕಿದ್ರೆ ಹೇಳು" ಅನ್ನುತ್ತಿದ್ದರು. ತೊಂದರೆ ಆ ಮಾತಿನಲ್ಲೇ ಇದೆ. ಹೇಳಬೇಕು ಅಂದರೆ ನೆನಪಿಡಬೇಕು, ಯೋಚಿಸಬೇಕು, ಆದಮೇಲೆ ನೋಡಬೇಕು. ಕೈಕೆಲಸ ಹಂಚಿಹೋದರೂ ತಲೆಕೆಲಸ ಒಬ್ಬರಲ್ಲೇ ಉಳಿಯುತ್ತದೆ. ಅದಕ್ಕೆ ಹತ್ತು ಕೆಲಸದಲ್ಲಿ ಸಹಾಯ ಕೇಳುವ ಬದಲು ಒಂದನ್ನು ತಲೆಯಿಂದ ಬುಡದವರೆಗೆ ಬಿಟ್ಟುಕೊಡಲು ಹೇಳಿದೆ. ಅವರು ಬಿಟ್ಟದ್ದು ಮಗನ ಟಿಫನ್ ಡಬ್ಬಿ. ನಾಳೆ ಏನು ಎಂದು ಯೋಚಿಸುವುದು, ತರಕಾರಿ ತರುವುದು, ಮಾಡುವುದು, ಡಬ್ಬಿ ತೊಳೆಯುವುದು, ಎಲ್ಲ ಅಪ್ಪನದು.

ಕಷ್ಟವಾದದ್ದು ಸುಜಾತಾ ಅವರಿಗೇ. ಮೊದಲ ವಾರ ಮೂರು ದಿನ ಬ್ರೆಡ್ ಜಾಮ್ ಹೋಯಿತು. ಬಾಯಿ ಬಿಗಿಹಿಡಿದು ಸುಮ್ಮನಿದ್ದರು. ಒಂದೇ ಒಂದು ಮಾತು ಆಡಿದ್ದರೂ ಆ ಡಬ್ಬಿ ವಾಪಸ್ ಅವರ ಕೈಗೇ ಬರುತ್ತಿತ್ತು. ಮೂರನೇ ವಾರಕ್ಕೆ ಚಿತ್ರಾನ್ನ ಬಂತು.

ಐದನೇ ಹೆಜ್ಜೆ: ನಿದ್ದೆ, ಕಾಫಿ, ರಜೆ

ಇಷ್ಟು ಆದಮೇಲೆ ಇವು ಹತ್ತುತ್ತವೆ, ಮುಂಚೆ ಅಲ್ಲ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಒಂದೇ ಇಟ್ಟುಕೊಳ್ಳಿ. ಭಾನುವಾರವೂ ಒಂದು ಗಂಟೆಗಿಂತ ಜಾಸ್ತಿ ತಡ ಬೇಡ. ಹನ್ನೊಂದರವರೆಗೆ ಮಲಗಿದರೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರ ಇನ್ನೂ ಕೆಡುತ್ತದೆ. ಸಂಜೆಯ ಕಾಫಿ ಕುಡಿದು ಐದಾರು ಗಂಟೆ ಆದರೂ ಅದರ ಅರ್ಧದಷ್ಟು ಶಕ್ತಿ ಮೈಯಲ್ಲೇ ಇರುತ್ತದೆ. ಹಾಗಾಗಿ ಕೊನೆಯ ಲೋಟ ಮೂರು ಗಂಟೆಯೊಳಗೆ ಮುಗಿಯಲಿ. ಮಧ್ಯಾಹ್ನದ ಊಟ ಕೆಲಸದ ಮೇಜಿನ ಮೇಲೆ ಬೇಡ, ಇಪ್ಪತ್ತು ನಿಮಿಷ ಬೇರೆ ಎಲ್ಲಾದರೂ ಕೂತು ಉಣ್ಣಿ.

ರಜೆಯ ಬಗ್ಗೆ ಒಂದು ಮಾತು. ರಜೆ ಬೇಕು. ಆದರೆ ಅದರ ಗುಣ ಕೆಲಸಕ್ಕೆ ಮರಳಿದ ಕೆಲವೇ ವಾರದಲ್ಲಿ ಕರಗುತ್ತದೆ. ತೂತು ಮುಚ್ಚದೆ ತೆಗೆದುಕೊಂಡ ರಜೆ ಇನ್ನೂ ಬೇಗ ಕರಗುತ್ತದೆ. ನಾಲ್ಕು ದಿನ ರಜೆ ಹಾಕಿ ಅದರಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಚಿಕ್ಕಮ್ಮನ ಮಗಳ ಮದುವೆ ಮೂರನ್ನೂ ಮುಗಿಸಿಕೊಂಡು ಬಂದರೆ ಅದು ಪ್ರಯಾಣ, ರಜೆ ಅಲ್ಲ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ವಾಪಸ್ ಬಂದ ಮೇಲೆ ಮನೆಯಲ್ಲಿ ಒಂದು ಪೂರ್ತಿ ದಿನ ಉಳಿಯುವ ಹಾಗೆ ಹಾಕಿ.

ಇದು ಬಸವಳಿಕೆ ಅಲ್ಲದಿದ್ದರೆ

ಬಸವಳಿದವರಿಗೆ ಕೆಲಸದ ಹೆಸರೆತ್ತಿದರೆ ಬೇಸರ. ಆದರೆ ಹಳೆಯ ಗೆಳತಿ ಮನೆಗೆ ಬಂದರೆ ಸ್ವಲ್ಪವಾದರೂ ಮುಖ ಅರಳುತ್ತದೆ. ಗೆಳತಿ ಬಂದರೂ, ಮಗು ಓಡಿ ಬಂದು ತಬ್ಬಿಕೊಂಡರೂ, ಇಷ್ಟದ ಊಟ ಮುಂದಿಟ್ಟರೂ ಏನೂ ಅನಿಸುವುದಿಲ್ಲವಾ? ಎರಡು ವಾರದಿಂದ ದಿನವಿಡೀ ಹಾಗೇ ಇದೆಯಾ? ನಾನು ಯಾರಿಗೂ ಬೇಡವಾದವಳು, ಬೇಡವಾದವನು ಅನಿಸುತ್ತಿದೆಯಾ? ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಆದರೆ ಈ ಲೇಖನದ ಹೆಜ್ಜೆಗಳು ಅದಕ್ಕೆ ಸಾಲುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ದಿನಾ ಸಂಜೆ ಕುಡಿಯದೆ ಮಲಗಲು ಆಗುತ್ತಿಲ್ಲ ಅಂದರೂ ಮನೋವೈದ್ಯರನ್ನು ನೋಡಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರದ ದಿನ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮೂರಲ್ಲಿ ಯಾವ ವಾರ ಎಂದು ವಿಚಾರಿಸಿಕೊಂಡು ಹೋಗಿ. ಕೂತಲ್ಲಿಂದಲೇ ಮಾತಾಡಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯುವ ಯೋಚನೆ ಒಂದು ಸಲ ಸುಳಿದರೂ ನಾಳೆಗೆ ಕಾಯಬೇಡಿ. ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ, ಆಮೇಲೆ ಈ ನಂಬರಿಗೆ ಮಾಡಿ.

ಎಷ್ಟು ದಿನ ಬೇಕು?

ಎಲ್ಲರೂ ಕೇಳುತ್ತಾರೆ. ದಿನಗಳ ಲೆಕ್ಕ ಅಲ್ಲ, ತಿಂಗಳ ಲೆಕ್ಕ. ಸುಜಾತಾ ಅವರ ರಾತ್ರಿಯ ಅಂಕಿ ಮೂರನೇ ವಾರಕ್ಕೆ ಮೂರಾಯಿತು, ಎರಡನೇ ತಿಂಗಳ ಕೊನೆಗೆ ಐದು. ಐದಾದ ಕೂಡಲೇ ಅವರು ಮಾಡಿದ್ದೇನು ಗೊತ್ತಾ? ರಜೆ ಹೋದ ಸಹೋದ್ಯೋಗಿಯ ಕೆಲಸವನ್ನೂ ತಾವೇ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡರು. ಒಂದೇ ವಾರಕ್ಕೆ ಮತ್ತೆ ಒಂದು. ಸ್ವಲ್ಪ ಚೇತರಿಸಿಕೊಂಡಾಗ ಹೀಗೆ ಆಗುವುದು ಎಷ್ಟು ಸಾಮಾನ್ಯ ಅಂದರೆ, ಈಗ ನಾನು ಮೊದಲೇ ಎಚ್ಚರಿಸಿಡುತ್ತೇನೆ: ಅಂಕಿ ಐದು ದಾಟಿ ಒಂದು ತಿಂಗಳು ನಿಲ್ಲುವವರೆಗೆ ಹೊಸದೇನನ್ನೂ ಒಪ್ಪಿಕೊಳ್ಳಬೇಡಿ. ಯಾರಾದರೂ ಕೇಳಿದರೆ "ನಾಳೆ ಹೇಳ್ತೀನಿ" ಅನ್ನಿ. ಹೂಂ ಅನ್ನುವ ಅಭ್ಯಾಸ ಇರುವವರಿಗೆ ಆ ಒಂದು ರಾತ್ರಿಯ ಬಿಡುವು ಬಹಳ ದೊಡ್ಡದು.

ನಾಲ್ಕು ತಿಂಗಳು ಇಷ್ಟೆಲ್ಲ ಮಾಡಿಯೂ ಅಂಕಿ ಕದಲದಿದ್ದರೆ ಆ ಜಾಗವೇ ಸರಿಯಿಲ್ಲ ಎನ್ನಬಹುದು. ವರ್ಗಾವಣೆ, ವಿಭಾಗ ಬದಲಾವಣೆ, ಬೇರೆ ಕೆಲಸ, ಇವನ್ನು ಆಗ ಯೋಚಿಸಿ. ಸೊನ್ನೆಯಲ್ಲಿದ್ದಾಗ ಮಾತ್ರ ರಾಜೀನಾಮೆ ಬರೆಯಬೇಡಿ. ಸೊನ್ನೆಯಲ್ಲಿರುವವರಿಗೆ ಎಲ್ಲ ಕೆಲಸವೂ ಒಂದೇ ಥರ ಕಾಣುತ್ತದೆ, ಯಾವುದು ಒಳ್ಳೆಯದು ಎಂದು ಆರಿಸಲು ಆಗುವುದಿಲ್ಲ.

ಸುಜಾತಾ ವರ್ಗಾವಣೆ ಕೇಳಲಿಲ್ಲ. ಮಾರ್ಚಿನಲ್ಲಿ ಗ್ರೂಪ್ ಮತ್ತೆ ರಾತ್ರಿ ಹತ್ತರವರೆಗೆ ಓಡಿತು, ವರ್ಷದ ಲೆಕ್ಕ ಮುಗಿಯುವ ತಿಂಗಳು, ತಪ್ಪಿಸಿಕೊಳ್ಳುವಂತಿರಲಿಲ್ಲ. ಈ ಸಲ ಅವರೇ ಮೊದಲು ಹೋಗಿ ಹೇಳಿದರು, "ಮೂವತ್ತೊಂದರವರೆಗೆ ನೋಡ್ತೀನಿ ಸರ್, ಏಪ್ರಿಲ್ ಎರಡರಿಂದ ಮತ್ತೆ ಎಂಟು ಗಂಟೆ." ಏಪ್ರಿಲ್ ಮೂರಕ್ಕೆ ನನ್ನ ಹತ್ತಿರ ಬಂದಾಗ ನೋಟ್‌ಬುಕ್ ತಂದಿರಲಿಲ್ಲ. ಆ ಅಜ್ಜ ಮತ್ತೆ ಬಂದಿದ್ದರಂತೆ, ಪಾಸ್‌ಬುಕ್ ಹಿಡಿದುಕೊಂಡು. ಎಂಟ್ರಿ ಮಾಡಿಕೊಟ್ಟು "ಮೊನ್ನೆ ಏನೋ ಅಂದುಬಿಟ್ಟೆ ಅಜ್ಜ, ಬೇಜಾರು ಮಾಡ್ಕೋಬೇಡಿ" ಅಂದರಂತೆ. ಅಜ್ಜನಿಗೆ ಯಾವ ಮೊನ್ನೆ ಎಂದೇ ನೆನಪಿರಲಿಲ್ಲ.